ಹದಿನಾಲ್ಕು ಹೆಸರು ಮತ್ತು ಒಂದು ಹಾಡು

“ನಾವು ಬರೆದುಕೊಟ್ಟಿದ್ದನ್ನ ಹಾಗೇ ಓದೋಕೆ ಏನು ಕಷ್ಟ? ಎಲ್ಲರ ಹೆಸರೂ ಹೇಳಬಾರದಾ?”

ರೇಡಿಯೊಗೆ ಹಾಡು ಕೋರಿ ಬರೆಯುವವರು ಕಾರ್ಯಕ್ರಮ ನಡೆಸುವ ನನ್ನನ್ನು ಕೇಳುವ ಪ್ರಶ್ನೆ ಇದು. ಹೇಳಬಾರದು. ಅರ್ಧ ಗಂಟೆಯ ಮೆಚ್ಚಿನ ಹಾಡುಗಳ ಕಾರ್ಯಕ್ರಮದಲ್ಲಿ ಆರು ಹಳೆಯ ಹಾಡು. ಒಂದೊಂದಕ್ಕೆ ಮೂರೂವರೆ ನಿಮಿಷ ಹಿಡಿದರೆ ಇಪ್ಪತ್ತೊಂದು ನಿಮಿಷ ಅಲ್ಲೇ ಹೋಯಿತು. ಶುರುವಿನ, ಕೊನೆಯ ಸಂಗೀತಕ್ಕೆ ಇನ್ನೊಂದು. ಉಳಿದ ಎಂಟು ನಿಮಿಷವನ್ನು ಆರು ಹಾಡಿಗೆ ಹಂಚಿದರೆ ತಲಾ ಎಂಬತ್ತು ಸೆಕೆಂಡು. ಒಂದೇ ಹಾಡನ್ನು ಮೂರು ಮನೆಯವರು ಕೇಳಿದ್ದರೆ ಮನೆಗೆ ಇಪ್ಪತ್ತಾರು ಸೆಕೆಂಡಿನಷ್ಟು, ಅಂದರೆ ಸುಮಾರು ನಲವತ್ತು ಪದ. ಹದಿನಾಲ್ಕು ಹೆಸರು ಓದಿದರೆ ಅಷ್ಟೂ ಮುಗಿಯಿತು. ಯಾರಿಗಾಗಿ ಹಾಡು ಕೇಳಿದಿರೋ ಅವರು ಆ ಪಟ್ಟಿಯಲ್ಲಿ ಕಳೆದೇ ಹೋದರು.

ಅದರ ಬದಲು ಹೆಸರನ್ನು ಎಲ್ಲಿ ಇಡುತ್ತೀರಿ ಅಂತ ಕೇಳಿ. ಕೆಲಸ ಇರುವುದು ಅಲ್ಲಿ.

ಮುಂಬೈ ಹತ್ತಿರದ ಡೊಂಬಿವಲಿಯ ಸೊಸೆಯೊಬ್ಬರು ಅತ್ತೆಯ ಎಪ್ಪತ್ತೈದನೇ ಹುಟ್ಟುಹಬ್ಬಕ್ಕೆ ಮನೆಯ ಹದಿನಾಲ್ಕು ಜನರ ಹೆಸರು ಸೇರಿಸಿ ಮೂರು ಪುಟ ಬರೆದಿದ್ದಾರೆ ಅಂದುಕೊಳ್ಳಿ. ಅತ್ತೆಯ ಹೆಸರು ಶಾರದಮ್ಮ ಅಂತಿರಲಿ. ಕಾರ್ಯಕ್ರಮದ ಹೊತ್ತಿಗೆ ಅವರು ಅಡುಗೆಮನೆಯಲ್ಲಿ, ಕುಕ್ಕರ್ ಸೀಟಿಯ ಪಕ್ಕದಲ್ಲಿ ಇರುತ್ತಾರೆ. ರೇಡಿಯೊದಲ್ಲಿ ದಾಟಿದ ಮಾತು ಮತ್ತೆ ಸಿಗುವುದಿಲ್ಲ. ಹಾಗಾಗಿ ಮೊದಲ ಸಲ ಹೆಸರು ಬರುವುದು ಅವರನ್ನು ಕರೆಯಲಿಕ್ಕೆ, ಎರಡನೇ ಸಲ ಹಾಡನ್ನು ಅವರ ಕೈಗೆ ಕೊಡಲಿಕ್ಕೆ:

“ಡೊಂಬಿವಲಿಯ ಶಾರದಮ್ಮನವರೇ, ಒಲೆ ಸಣ್ಣ ಮಾಡಿ ಒಂದು ಗಳಿಗೆ ಇಲ್ಲಿ ಬನ್ನಿ. ನಾಳೆ ನಿಮಗೆ ಎಪ್ಪತ್ತೈದು ತುಂಬುತ್ತದೆ. ದೋಸೆ ಹುಯ್ಯುವಾಗ ನೀವು ಗುನುಗುವ ಹಾಡನ್ನೇ ನಿಮ್ಮ ಸೊಸೆ ಕೇಳಿದ್ದಾರೆ. 1973ರ ‘ಗಂಧದ ಗುಡಿ’, ಚಿ. ಉದಯಶಂಕರ್ ಸಾಹಿತ್ಯ, ರಾಜನ್–ನಾಗೇಂದ್ರ ಸಂಗೀತ, ಪಿ.ಬಿ. ಶ್ರೀನಿವಾಸ್ ದನಿ. ಮನೆಯವರೆಲ್ಲರ ಪ್ರೀತಿಯೊಂದಿಗೆ, ಶಾರದಮ್ಮನವರಿಗೆ… ‘ನಾವಾಡುವ ನುಡಿಯೇ’.”

ಮೂರು ಪುಟದಲ್ಲಿ ಉಳಿಸಿಕೊಂಡದ್ದು ದೋಸೆ ಹುಯ್ಯುವುದೊಂದೇ. ಹದಿನಾಲ್ಕು ಜನ “ಮನೆಯವರೆಲ್ಲ” ಆದರು. “ಪ್ರೀತಿಯ, ಮಮತೆಯ, ವಾತ್ಸಲ್ಯದ” ಎಂಬುದು ಎಲ್ಲರ ಕಾಗದದಲ್ಲೂ ಇರುತ್ತದೆ. ದೋಸೆಕಲ್ಲಿನ ಮುಂದೆ ಗುನುಗುವುದು ಇವರೊಬ್ಬರದೇ, ಕೇಳಿದ ಕೂಡಲೇ ಅವರಿಗೆ ಗೊತ್ತಾಗುತ್ತದೆ. ಕೊನೆಯ ಪದ ಮುಗಿದ ಮೇಲೇ ಹಾಡು ಶುರುವಾಗಬೇಕು. ಆರಂಭದ ವಾದ್ಯದ ಮೇಲೆ ಮಾತು ಹರಿಸುವುದು ನನಗೆ ಒಪ್ಪಿಗೆಯಿಲ್ಲ. ಹಾಡಿನ ಗುರುತು ಹತ್ತುವುದೇ ಆ ವಾದ್ಯದಿಂದ.

ನಿಜವಾದ ಭಯ ಬೇರೆ ಎರಡಿವೆ. ಮುಂಬೈಯಲ್ಲಿ ಮೊಬೈಲಿಗೆ ಬರುವ ಕೋರಿಕೆಗಳು ಬಹುಪಾಲು ಇಂಗ್ಲಿಷ್ ಅಕ್ಷರದಲ್ಲಿರುತ್ತವೆ. `Kamala` ಎಂದರೆ ಕಮಲ ಅಂತಲೋ ಕಮಲಾ ಅಂತಲೋ, `Mala` ಎಂದರೆ ಮಾಲಾ ಹೌದೋ ಅಲ್ಲವೋ, ಫೋನ್ ಮಾಡಿ ಕೇಳಿ ಕನ್ನಡದಲ್ಲಿ ಬರೆದುಕೊಳ್ಳದೆ ಓದಬಾರದು. ಹೆಸರು ತಪ್ಪಿದರೆ ಆ ಹಾಡು ಅವರದಾಗುವುದಿಲ್ಲ.

ಇನ್ನೊಂದು, ಮಾತಿನ ಕಾಲ, ಭೂತವೋ ವರ್ತಮಾನವೋ ಅನ್ನುವುದು. “ನಮ್ಮ ಮಾವನವರಿಗೆ ಇಷ್ಟವಾಗಿದ್ದ ಹಾಡು” ಎಂದು ಬರೆದಿದ್ದರೆ ನಾನು ಅಲ್ಲೇ ನಿಲ್ಲುತ್ತೇನೆ. ಮಾವ ಇದ್ದಾರೆಯೇ, ಇಲ್ಲವೇ? ಇದ್ದರೆ “ಅವರಿಗಾಗಿ”, ಇಲ್ಲದಿದ್ದರೆ “ಅವರ ನೆನಪಿಗೆ”. ಎರಡನೆಯದಾದರೆ ಅದರ ಹಿಂದೆಯೇ ಮದುವೆಯ ಹಾರೈಕೆ ಬರದಂತೆ ಸರದಿ ಬದಲಿಸುತ್ತೇನೆ.