ನಿನ್ನೆಯ ಎಣ್ಣೆಗೆ ಇವತ್ತಿನ ಎಣ್ಣೆ ಸೇರಿಸುತ್ತಿದ್ದೆ

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಮಂಡಕ್ಕಿ-ಮಿರ್ಚಿ ಅಂಗಡಿ. ಸಂಜೆ 4ಕ್ಕೆ ಬಾಣಲೆ ಇಟ್ಟರೆ ರಾತ್ರಿ 9ರವರೆಗೆ ಒಲೆ ಆರುವುದಿಲ್ಲ. ಮೊದಲ ಎರಡು ವರ್ಷ ನಾನು ಮಾಡಿದ್ದು ಸುತ್ತಲಿನವರು ಮಾಡುತ್ತಿದ್ದುದನ್ನೇ. ಬಾಣಲೆಯಲ್ಲಿ 4 ಲೀಟರ್ ಎಣ್ಣೆ. ಒಂದು ಸಂಜೆಗೆ ಸುಮಾರು 1 ಲೀಟರ್ ಮಿರ್ಚಿಯೇ ಹೀರಿಕೊಳ್ಳುತ್ತದೆ. ಮರುದಿನ ಅಷ್ಟೇ ಹೊಸ ಎಣ್ಣೆ ಸುರಿದು ಮಟ್ಟ ಸರಿಮಾಡುತ್ತಿದ್ದೆ. ದಿನಾ ಹೊಸದು ಬೀಳುತ್ತಿದೆಯಲ್ಲ, ಇನ್ನೇನು ತೊಂದರೆ ಅಂತ ನಂಬಿದ್ದೆ.

ಒಂದು ದಿನ ಖಾಯಂ ಗಿರಾಕಿಯೊಬ್ಬರು, "ಅಣ್ಣಾ, ನಿಮ್ಮ ಮಿರ್ಚಿ ತಿಂದರೆ ಗಂಟಲು ಕೆರೀತದೆ" ಅಂದರು. ಖಾರ ಜಾಸ್ತಿ ಆಗಿರಬೇಕು ಅಂದುಕೊಂಡೆ. ಅದೇ ವಾರ ಮಿರ್ಚಿ ಹೊರಗೆ ಬೇಗ ಕೆಂಪಾಗಿ, ಒಳಗೆ ಹಿಟ್ಟು ಹಸಿಯಾಗಿಯೇ ಉಳಿಯತೊಡಗಿತು. ಕಟ್ಟಿಕೊಟ್ಟ ಪೇಪರ್ ಮೊದಲಿಗಿಂತ ಜಾಸ್ತಿ ಒದ್ದೆಯಾಗುತ್ತಿತ್ತು. ಆಮೇಲೆ ತಪಾಸಣೆಗೆ ಬಂದ ಅಧಿಕಾರಿ ಮಿರ್ಚಿ ತೆಗೆಸಿ, ಗುಳ್ಳೆ ಅಡಗುವವರೆಗೆ ಕಾದು, ಬಾಣಲೆಯಲ್ಲಿ ಕಡ್ಡಿಯಂಥ ಮೀಟರ್ ಅದ್ದಿದರು. 31 ಅಂತ ತೋರಿಸಿತು. ಎಣ್ಣೆ ಒಡೆದಾಗ ಹುಟ್ಟುವ ಪೋಲಾರ್ ಕಾಂಪೌಂಡ್‌ಗಳ ಶೇಕಡಾ ಲೆಕ್ಕ ಅದು. ನಮ್ಮ ದೇಶದಲ್ಲಿ 2018ರ ಜುಲೈಯಿಂದ 25 ದಾಟಿದ ಎಣ್ಣೆಯಲ್ಲಿ ಕರಿಯುವಂತಿಲ್ಲ.

ಅವರು ಹೋದ ಮೇಲೆ ಕೂತು ಲೆಕ್ಕ ಹಾಕಿದೆ. ದಿನಾ ಕಾಲು ಭಾಗ ಹೋಗಿ ಕಾಲು ಭಾಗ ಹೊಸದು ಬಂದರೆ, ನಾಲ್ಕು ದಿನ ಕಳೆದರೂ ಮೊದಲ ದಿನದ ಎಣ್ಣೆ ಸುಮಾರು ಒಂದೂಕಾಲು ಲೀಟರ್ ಬಾಣಲೆಯಲ್ಲೇ ಇರುತ್ತದೆ. ಹತ್ತು ದಿನ ಆದರೂ ಒಂದು ದೊಡ್ಡ ಲೋಟದಷ್ಟು ಉಳಿದಿರುತ್ತದೆ. ಆ ಹಳೆಯದು ಸುಮ್ನೆ ಇರುವುದಿಲ್ಲ, ಹೊಸದನ್ನೂ ಬೇಗ ಕೆಡಿಸುತ್ತದೆ. ನಾನು ಎರಡು ವರ್ಷ ಬಾಣಲೆಯನ್ನು ಪೂರ್ತಿ ಖಾಲಿ ಮಾಡಿದ್ದು ಹಬ್ಬಕ್ಕೆ ಅಂಗಡಿ ಮುಚ್ಚಿದಾಗ ಮಾತ್ರ.

ಎಣ್ಣೆ ಕೆಡುವುದು ಹೀಗೆ. ಮೆಣಸಿನಕಾಯಿ, ಹಿಟ್ಟಿನ ನೀರು ಬಿಸಿ ಎಣ್ಣೆಯನ್ನು ಒಡೆಯುತ್ತದೆ, ಹುಳಿ ಅಂಶ ಹೆಚ್ಚುತ್ತದೆ, ಹಾಗಾಗಿ ಕಡಿಮೆ ಕಾವಿಗೇ ಹೊಗೆ ಬರುತ್ತದೆ. ಗಾಳಿ ತಾಗಿ ಕಮಟು ವಾಸನೆ ಹುಟ್ಟುತ್ತದೆ. ಕಾವಿಗೆ ಎಣ್ಣೆಯ ಅಂಶಗಳು ಒಂದಕ್ಕೊಂದು ಅಂಟಿ ಎಣ್ಣೆ ಗಟ್ಟಿಯಾಗುತ್ತದೆ. ಬಾಣಲೆಯ ಅಂಚಿನಲ್ಲಿ ಉಜ್ಜಿದರೂ ಹೋಗದ ಕಂದು ಅಂಟು ಅದೇ.

ಗುರುತುಗಳಲ್ಲಿ ನಾನು ಬಣ್ಣವನ್ನು ಕಡೆಗೆ ಇಡುತ್ತೇನೆ. ಅರಿಶಿನ, ಖಾರದಪುಡಿ ಬಿದ್ದರೆ ಒಳ್ಳೆ ಎಣ್ಣೆಯೂ ಕಪ್ಪಗೆ ಕಾಣುತ್ತದೆ. ನೊರೆ ನೋಡಿ. ಮಿರ್ಚಿ ಬಿಟ್ಟಾಗ ಏಳುವ ದೊಡ್ಡ ಗುಳ್ಳೆ ನೀರಿನದು, ಮಿರ್ಚಿ ತೆಗೆದ ಕೂಡಲೇ ಅಡಗುತ್ತದೆ. ಕೆಟ್ಟ ಎಣ್ಣೆಯ ನೊರೆ ಸಣ್ಣ ಸಣ್ಣದು, ಒತ್ತೊತ್ತಾಗಿ ಅಂಚಿಗೆ ಏರುತ್ತದೆ, ಮಿರ್ಚಿ ತೆಗೆದ ಮೇಲೂ ನಿಂತೇ ಇರುತ್ತದೆ. ಎರಡನೆಯದು ಹೊಗೆ. ಕರಿಯುವ ಹದದಲ್ಲೇ, ಅಂದರೆ 170-180 ಡಿಗ್ರಿಯಲ್ಲೇ ಹೊಗೆ ಎದ್ದರೆ ಆ ಎಣ್ಣೆ ಮುಗಿಯಿತು. ತಣ್ಣಗಾದ ಮೇಲೆ ಸೌಟಿನಿಂದ ಸುರಿದರೆ ಪಾಕದ ಹಾಗೆ ನಿಧಾನಕ್ಕೆ ಇಳಿದರೂ ಅಷ್ಟೇ.

"ಮೂರು ಸಲಕ್ಕಿಂತ ಜಾಸ್ತಿ ಬಳಸಬೇಡಿ" ಅನ್ನುವುದು ಆಹಾರ ಸುರಕ್ಷತಾ ಪ್ರಾಧಿಕಾರದ ಸಲಹೆ. ಮನೆಗೆ ಅದು ಸರಿ. ಆದರೆ ಐದು ಗಂಟೆ ಒಲೆಯ ಮೇಲಿರುವ ಬಾಣಲೆಗೆ "ಒಂದು ಸಲ" ಅಂದರೆ ಎಷ್ಟು? ಅದಕ್ಕೆ ನಾನು ಸಂಜೆಗಳನ್ನು ಎಣಿಸುತ್ತೇನೆ. ಈಗ ಎರಡೂವರೆ ಲೀಟರಿನ ಬಾಣಲೆ. ಮೊದಲ ಸಂಜೆ ಹೊಸ ಎಣ್ಣೆ, ಇಳಿದಷ್ಟು ತುಂಬಿಸುತ್ತೇನೆ. ರಾತ್ರಿ ತಣಿಸಿ, ಬಟ್ಟೆಯಲ್ಲಿ ಸೋಸಿ, ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಡುತ್ತೇನೆ. ಬಾಣಲೆಯ ಅಂಟು ಕೆರೆದು ತೊಳೆಯುತ್ತೇನೆ. ಎರಡನೇ ಸಂಜೆ ಅದೇ ಎಣ್ಣೆ, ಹೊಸದು ಸೇರಿಸುವುದಿಲ್ಲ. ಉಳಿದ ಒಂದೂವರೆ ಲೀಟರ್ ಕ್ಯಾನಿಗೆ ಹೋಗುತ್ತದೆ, ಬಯೋಡೀಸೆಲ್‌ಗೆ ಸಂಗ್ರಹಿಸುವವರು ಒಯ್ಯುತ್ತಾರೆ. ನೊರೆ ಅಥವಾ ಹೊಗೆ ಕಂಡರೆ ಎರಡನೇ ಸಂಜೆಯ ನಡುವೆಯೇ ತೆಗೆದುಬಿಡುತ್ತೇನೆ. ಗಿರಾಕಿ ಇಲ್ಲದಾಗ ಒಲೆ ಸಣ್ಣ ಮಾಡುತ್ತೇನೆ. ಕರಿದ ಮಿರ್ಚಿಗೆ ಉಪ್ಪು-ಮಸಾಲೆ ಉದುರಿಸುವುದು ಬಾಣಲೆಯಿಂದ ದೂರ. ಹಿಟ್ಟಿನ ಚೂರು ಸುಟ್ಟು ಕಪ್ಪಾಗುವ ಮೊದಲೇ ಜಾಲರಿಯಿಂದ ತೆಗೆಯುತ್ತೇನೆ.

ದಿನಕ್ಕೆ ಸುಮಾರು ಮುಕ್ಕಾಲು ಲೀಟರ್ ಎಣ್ಣೆ ಜಾಸ್ತಿ ಖರ್ಚಾಗುತ್ತಿದೆ. ಪ್ಲೇಟಿಗೆ 2 ರೂಪಾಯಿ ಏರಿಸಿದೆ. ಯಾಕೆ ಅಂತ ಕೇಳಿದವರಿಗೆ ಎಣ್ಣೆಯ ಡಬ್ಬಿ ತೋರಿಸಿದೆ.

ಮನೆಯಲ್ಲಿ ಇದು ಇನ್ನೂ ಸುಲಭ. ಪೂರಿಗೆ ಸಣ್ಣ ಬಾಣಲೆಯಲ್ಲಿ ಕಾಲು ಲೀಟರ್ ಇಟ್ಟು ಒಂದೊಂದೇ ಕರಿಯಿರಿ. ಉಳಿದದ್ದನ್ನು ಸೋಸಿ, ಬೆಳಕು ಬೀಳದ ಕಡೆ ಇಟ್ಟು, ಎರಡು ಮೂರು ದಿನದಲ್ಲಿ ಪಲ್ಯದ ಒಗ್ಗರಣೆಗೆ ಮುಗಿಸಿ. ಮೀನು ಕರಿದ ಎಣ್ಣೆಯನ್ನು ಇದರ ಜೊತೆ ಬೆರೆಸಬೇಡಿ. ಹೊಸ ಎಣ್ಣೆಯ ಬಾಟಲಿಗೆ ಮಾತ್ರ ಯಾವತ್ತೂ ವಾಪಸ್ ಸುರಿಯಬೇಡಿ. ನನ್ನ ಅಂಗಡಿಯಲ್ಲಿ ಕೆಟ್ಟದ್ದು ಹಾಗೇ ಅಲ್ವಾ?