ಕೆಂಪು ಸೀರೆಯನ್ನು ಮಸ್ಟರ್ಡ್ ಮಾಡಲು ಹೋಗಿ ಟಾರ್ಪಾಲ್ ಮಾಡಿದ ಕಥೆ

ಕಕ್ಕಡ ತಿಂಗಳಲ್ಲಿ ಕೊಡಗಿನಲ್ಲಿ ಮದುವೆ ಇರುವುದಿಲ್ಲ. ಹೊರಗೆ ಬಿಡದೆ ಸುರಿಯುವ ಮಳೆ, ಕ್ಯಾಮೆರಾ ಬ್ಯಾಗಿಗೆಲ್ಲ ಬೂಷ್ಟು. ವಿರಾಜಪೇಟೆಯ ನಮ್ಮ ಸ್ಟುಡಿಯೋದಲ್ಲಿ ಆಗ ಮದುವೆ ಆಲ್ಬಮ್ ಬಿಟ್ಟು ಬೇರೆ ಕೆಲಸ ಹಿಡಿಯುತ್ತೇವೆ. ಹೀಗೆ ಒಂದು ಕಕ್ಕಡದಲ್ಲಿ ಸೀರೆ ಅಂಗಡಿಯ ಆಂಟಿ ಒಬ್ಬರು ಬಂದರು. ಒಂದೇ ವಿನ್ಯಾಸದ ರೇಷ್ಮೆ ಸೀರೆ, ನಾಲ್ಕು ಬಣ್ಣದಲ್ಲಿದೆ. ಹುಡುಗಿಗೆ ನಾಲ್ಕು ಸಲ ಉಡಿಸಿ ತೆಗೆಯೋಕೆ ಟೈಮ್ ಇಲ್ಲ. ಕೆಂಪು ಸೀರೆಯನ್ನು ಮಾತ್ರ ಉಡಿಸುತ್ತೇವೆ, ಉಳಿದ ಮೂರು ಬಣ್ಣ ನೀವೇ ಕಂಪ್ಯೂಟರಲ್ಲಿ ಮಾಡಿಕೊಡಿ ಅಂದರು.

ನಾನು ತಲೆಯಾಡಿಸಿದೆ. ಹಸಿರು, ನೇರಳೆ ಎರಡೂ ಹೇಗೋ ಬಂದವು. ಮಸ್ಟರ್ಡ್ ಬಣ್ಣದಲ್ಲಿ ಸಿಕ್ಕಿಬಿದ್ದೆ.

ಆಗ ನಾನು ಮಾಡಿದ್ದು ಎಲ್ಲರೂ ಮಾಡುವುದೇ. ಫೋಟೋಶಾಪ್‌ನಲ್ಲಿ ಸೀರೆಯನ್ನು ಸೆಲೆಕ್ಟ್ ಮಾಡಿ, ಮೇಲೊಂದು ಲೇಯರ್‌ನಲ್ಲಿ ಮಸ್ಟರ್ಡ್ ತುಂಬಿ, ಬ್ಲೆಂಡ್ ಮೋಡನ್ನು `Color`ಗೆ ಇಟ್ಟೆ. ಬಂದದ್ದು ಹಳದಿ ಅಲ್ಲ, ಕಾಫಿ ಪುಡಿಯ ಬಣ್ಣ. ಬೆಳಗಿಸೋಣ ಅಂತ `Hue/Saturation`ನ `Lightness` ಅನ್ನು +40ರ ತನಕ ಎಳೆದೆ. ಹಳದಿಯೇನೋ ಬಂತು. ಆದರೆ ನೆರಿಗೆಗಳ ಒಳಗಿನ ಕಪ್ಪು ಬೂದಿ ಬಣ್ಣವಾಯಿತು, ಜರಿ ಬಟ್ಟೆಯೊಳಗೆ ಕರಗಿಹೋಯಿತು. ಆಂಟಿ ಸ್ಕ್ರೀನ್ ನೋಡಿ ಒಂದೇ ಮಾತು ಹೇಳಿದರು: "ಇದೇನು, ಕಣದಲ್ಲಿ ಕಾಫಿ ಮೇಲೆ ಹೊದಿಸೋ ಟಾರ್ಪಾಲ್ ತರ ಇದೆಯಲ್ಲ ಮಗ."

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಟಾರ್ಪಾಲ್ ಯಾಕಾಯಿತು ಅಂತ ನನಗೆ ಅರ್ಥವಾಗಲು ಎರಡು ದಿನ ಬೇಕಾಯಿತು.

ಕೆಂಪು ಸೀರೆಯ ಮಾಮೂಲಿ ಜಾಗದಲ್ಲಿ ಪಿಕ್ಸೆಲ್ ಓದಿದರೆ, 0ರಿಂದ 255ರ ಅಳತೆಯಲ್ಲಿ, ಕೆಂಪು 190, ಹಸಿರು 25, ನೀಲಿ 40 ಬರುತ್ತಿತ್ತು. ಮೂರನ್ನೂ ಸೇರಿಸಿ ಬೆಳಕು ಎಷ್ಟು ಅಂತ ಲೆಕ್ಕ ಹಾಕುವಾಗ ಕೆಂಪಿಗೆ ಶೇಕಡ 30, ಹಸಿರಿಗೆ 59, ನೀಲಿಗೆ 11ರಷ್ಟು ತೂಕ. ನಮ್ಮ ಕಣ್ಣಿಗೆ ಹಸಿರೇ ಜಾಸ್ತಿ ಬೆಳಗಿ ಕಾಣುವುದು, ಅದಕ್ಕೆ. ಆ ಲೆಕ್ಕದಲ್ಲಿ ಕೆಂಪು ಸೀರೆಯ ಬೆಳಕು ಬರೀ 76. ಅಂಗಡಿಯಿಂದ ತಂದ ಮಸ್ಟರ್ಡ್ ಸೀರೆಯನ್ನು ಅದೇ ಬೆಳಕಿನಲ್ಲಿ ಇಟ್ಟು ಒಂದು ಫೋಟೋ ತೆಗೆದು ನೋಡಿದೆ: 215, 165, 40. ಅದರ ಬೆಳಕು 166. `Color` ಮೋಡ್ ಬಣ್ಣವನ್ನು ಮಾತ್ರ ಬದಲಿಸುತ್ತದೆ, ಕೆಳಗಿನ ಬೆಳಕನ್ನು ಹಾಗೇ ಉಳಿಸುತ್ತದೆ. 76ರ ಬೆಳಕಿನಲ್ಲಿ ಹಳದಿ ಅಂದರೆ ಕಂದು. ಅದು ಸಾಫ್ಟ್‌ವೇರ್ ತಪ್ಪಲ್ಲ, ನಾನು ಕೇಳಿದ್ದನ್ನೇ ಅದು ಕೊಟ್ಟಿದೆ.

`Lightness` ಎಳೆದಾಗ ಆಗುವುದೂ ಹಾಗೇ. ಅದು ಎಲ್ಲ ಪಿಕ್ಸೆಲ್‌ಗೂ ಬಿಳಿ ಬೆರೆಸುತ್ತದೆ, ನೆರಿಗೆಯ ಆಳಕ್ಕೂ ಸಹ. ನಿಜವಾದ ಬಟ್ಟೆಯಲ್ಲಿ ಹಾಗಾಗುವುದಿಲ್ಲ ಅಲ್ವಾ? ನೆರಿಗೆಯ ಒಳಗೆ ಬೆಳಕೇ ಹೋಗುವುದಿಲ್ಲ. ಸೀರೆ ಯಾವ ಬಣ್ಣದ್ದಾದರೂ ಅಲ್ಲಿ ಕತ್ತಲೆಯೇ. ನಾವು ಬಣ್ಣ ಬದಲಿಸಿದರೆ ಬೆಳಕು ಬಿದ್ದ ಜಾಗ ತುಂಬಾ ಏರಬೇಕು, ನೆರಳು ಸ್ವಲ್ಪ ಏರಬೇಕು, ಆಳದ ಕಪ್ಪು ಅಲ್ಲೇ ನಿಲ್ಲಬೇಕು.

ಹಾಗಾಗಿ ಎಲ್ಲ ಅಳಿಸಿ ಮೊದಲಿಂದ ಶುರು ಮಾಡಿದೆ. ಈ ಸಲ ಜೆಪೆಗ್ ಅಲ್ಲ, ಕ್ಯಾಮೆರಾದ ರಾ ಫೈಲ್, 16 ಬಿಟ್‌ನಲ್ಲಿ. ಜೆಪೆಗ್‌ನಲ್ಲಿ ಸಾಮಾನ್ಯವಾಗಿ ಬಣ್ಣದ ವಿವರವನ್ನು ಬೆಳಕಿನ ವಿವರಕ್ಕಿಂತ ಕಡಿಮೆ ರೆಸಲ್ಯೂಶನ್‌ನಲ್ಲಿ ಇಟ್ಟಿರುತ್ತಾರೆ. ಹಾಗಾಗಿ ಸಣ್ಣ ಜರಿ ಎಳೆಯ ಅಕ್ಕಪಕ್ಕಕ್ಕೆ ಕೆಂಪು ಸೋರಿರುತ್ತದೆ. ಕೆಂಪು ಇದ್ದಷ್ಟು ಹೊತ್ತು ಗೊತ್ತಾಗುವುದಿಲ್ಲ, ಬಣ್ಣ ಬದಲಿಸಿದ ಮೇಲೆ ಜರಿಯ ಸುತ್ತ ಚೌಕ ಚೌಕವಾಗಿ ಎದ್ದು ಕಾಣುತ್ತದೆ. ಇನ್ನೊಂದು, ಕೆಂಪು ಸೀರೆಯಲ್ಲಿ ಕೆಂಪು ಚಾನೆಲ್, ಅಂದರೆ ಕೆಂಪಿನ ಅಂಕೆ, ಬೇಗ 255ಕ್ಕೆ ಹೋಗಿ ಗೋಡೆಗೆ ಬಡಿಯುತ್ತದೆ. ಅಲ್ಲಿ ನೆರಿಗೆಯ ಏರಿಳಿತ ಕೂಡ ಸತ್ತುಹೋಗಿರುತ್ತದೆ. ರಾ ಫೈಲ್ ತೆರೆಯುವಾಗಲೇ ಎಕ್ಸ್‌ಪೋಶರ್ ಸ್ವಲ್ಪ ಇಳಿಸಿದರೆ ಅದರಲ್ಲಿ ಎಷ್ಟೋ ವಾಪಸ್ ಬರುತ್ತದೆ.

ಈಗ ಜರಿ. ಈ ಕೆಲಸದಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಭಾಗ ಇದು. ಅಂಚು, ಸೆರಗು, ಮೈಮೇಲಿನ ಬುಟ್ಟಾ, ಎಲ್ಲ ಕೈಯಲ್ಲಿ ಸೆಲೆಕ್ಟ್ ಮಾಡುತ್ತಾ ಕೂತರೆ ಕಕ್ಕಡವೇ ಮುಗಿಯುತ್ತದೆ. ಚಾನೆಲ್‌ಗಳನ್ನು ಒಂದೊಂದೇ ತೆರೆದು ನೋಡಿ. ಹಸಿರು ಚಾನೆಲ್‌ನಲ್ಲಿ ಕೆಂಪು ಬಟ್ಟೆ ಕಪ್ಪು, ಜರಿ ಬೆಳ್ಳಗೆ. ಬಿಳಿ ಇದ್ದ ಜಾಗವನ್ನು ಮಾತ್ರ ಆರಿಸಿಕೊಡುವ ಮಾಸ್ಕ್ ಅದೇ ಅಂತ ಅನಿಸುತ್ತದೆ, ಆದರೆ ರೇಷ್ಮೆಯ ಹೊಳಪೂ ಅಲ್ಲಿ ಬೆಳ್ಳಗೇ ಇರುತ್ತದೆ. ಹೊಳಪು ಮತ್ತು ಜರಿಯನ್ನು ಬಿಡಿಸುವುದು ನೀಲಿ ಚಾನೆಲ್. ಹೊಳಪು ಅಂದರೆ ಕಿಟಕಿಯ ಬೆಳಕೇ, ಅದರಲ್ಲಿ ನೀಲಿಯೂ ಇದೆ. ಚಿನ್ನದ ಬಣ್ಣದಲ್ಲಿ ನೀಲಿ ಕಡಿಮೆ. ಹಾಗಾದರೆ ಹಸಿರಿನಿಂದ ನೀಲಿಯನ್ನು ಕಳೆದರೆ?

```
         ಹಸಿರು   ನೀಲಿ   ಉಳಿದದ್ದು
ಬಟ್ಟೆ       25     40      0
ಹೊಳಪು    228    225      3
ಜರಿ       165     70     95
```

`Image > Calculations`ಗೆ ಹೋಗಿ, `Source 1`ರಲ್ಲಿ ನೀಲಿ, `Source 2`ರಲ್ಲಿ ಹಸಿರು, `Blending` ಜಾಗದಲ್ಲಿ `Subtract`, `Result`ನಲ್ಲಿ `New Channel`. ಉಲ್ಟಾ ಬಂದರೆ ಎರಡನ್ನೂ ಅದಲು ಬದಲು ಮಾಡಿ. ಬಂದ ಚಾನೆಲ್‌ಗೆ `Levels` ಹಾಕಿ 95 ಅನ್ನು ಬಿಳಿಯ ಕಡೆಗೆ ತಳ್ಳಿದರೆ ಜರಿಯ ಎಳೆ ಎಳೆ ಕತ್ತಲಲ್ಲಿ ಬಿಡಿಸಿಟ್ಟ ಹಾಗೆ ಕಾಣುತ್ತದೆ. ಹುಡುಗಿಯ ಜೋಮಾಲೆ, ಪತ್ತಾಕ್ ಕೂಡ ಅದರಲ್ಲೇ ಬಂದವು. ಒಳ್ಳೆಯದೇ ಆಯಿತು, ಅವೂ ಚಿನ್ನವಾಗಿಯೇ ಉಳಿಯಬೇಕಲ್ಲ. ಮುಖ, ಕೈ ಮಸುಕಾಗಿ ಬರುತ್ತವೆ, ಅವನ್ನು ಕಪ್ಪು ಬ್ರಷ್‌ನಿಂದ ಒರೆಸಿದೆ.

ಸೀರೆಯ ಒಟ್ಟು ಮಾಸ್ಕ್‌ನಿಂದ ಈ ಜರಿಯನ್ನು ಕಳೆದ ಮೇಲೆ ಬಣ್ಣಕ್ಕೆ ಕೈ ಹಾಕಿದೆ. `Hue/Saturation`ನಲ್ಲಿ `Hue` +48. `Colorize` ಟಿಕ್ ಮಾಡಲೇಬೇಡಿ. ಅದು ಇಡೀ ಸೀರೆಗೆ ಒಂದೇ ಬಣ್ಣ ಬಳಿಯುತ್ತದೆ. ರೇಷ್ಮೆ ಅಷ್ಟು ಸರಳ ಅಲ್ಲ. ಹಾಸಿನ ನೂಲು ಒಂದು ಬಣ್ಣ, ಹೊಕ್ಕಿನ ನೂಲು ಇನ್ನೊಂದು ಬಣ್ಣ ಇದ್ದರೆ ಬಟ್ಟೆ ತಿರುಗಿದ ಕಡೆಯೆಲ್ಲ ಬಣ್ಣ ಚೂರು ಚೂರು ಬದಲಾಗುತ್ತದೆ. `Hue` ಜರುಗಿಸಿದರೆ ಆ ವ್ಯತ್ಯಾಸವೂ ಜೊತೆಗೆ ಜರುಗುತ್ತದೆ, ಅಳಿಸಿಹೋಗುವುದಿಲ್ಲ. ಬಟ್ಟೆಯ ಜೀವ ಅಲ್ಲೇ ಇರುವುದು.

ಮಾಸ್ಕ್ ಇಲ್ಲದೆ ಇದೇ +48 ಕೊಟ್ಟಿದ್ದರೆ ಜರಿ ಮಳೆಗಾಲದ ಕಲ್ಲಿನ ಮೇಲಿನ ಪಾಚಿ ಬಣ್ಣಕ್ಕೆ ಹೋಗುತ್ತಿತ್ತು. ಹಾಗಂತ ಜರಿಯನ್ನು ಪೂರ್ತಿ ಮುಟ್ಟದೆ ಬಿಟ್ಟರೂ ತಪ್ಪು. ಜರಿಯ ಎಳೆಗಳ ನಡುವೆ ಕೆಂಪು ನೂಲು ಇಣುಕುತ್ತಿರುತ್ತದೆ, ಹಳದಿ ಸೀರೆಯ ಮೇಲೆ ಅದು ತಾಮ್ರದ ತರ ಕಾಣುತ್ತದೆ. ಬಣ್ಣದ ಬದಲಾವಣೆಯನ್ನು ಜರಿಯ ಮೇಲೂ ಶೇಕಡ 15ರಷ್ಟು ಬಿಟ್ಟೆ, ಸರಿಹೋಯಿತು.

+48 ಕೊಟ್ಟಾಗ ಬೆಳಕು 76ರಿಂದ 144ರ ಹತ್ತಿರ ತಾನಾಗಿಯೇ ಏರಿತು. ಉಳಿದ ಇಪ್ಪತ್ತು ಚಿಲ್ಲರೆಗೆ `Curves` ಸಾಕು. ಕೆಳಗಿನ ತುದಿಗೆ ಒಂದು ಚುಕ್ಕಿ ಹಾಕಿ ಅಲುಗಾಡದ ಹಾಗೆ ಹಿಡಿದೆ, ನಡುವನ್ನು ಎತ್ತಿದೆ, ಮೇಲಿನ ತುದಿಗೆ ಇನ್ನೊಂದು ಚುಕ್ಕಿ. ಹೊಳಪನ್ನು ಎತ್ತಬಾರದು. ಅದು ಬಣ್ಣದಿಂದ ಬಂದದ್ದಲ್ಲ, ಬಟ್ಟೆಯ ಮೈಯಿಂದ ಚಿಮ್ಮಿದ ಬೆಳಕು. ಕೆಂಪಿನಲ್ಲಿ 228, ಹಳದಿಯಲ್ಲೂ ಅಷ್ಟೇ. ಆದ್ದರಿಂದ ತಿಳಿ ಬಣ್ಣದ ರೇಷ್ಮೆ ಕಡು ಬಣ್ಣದಷ್ಟು ಮಿಂಚಿದ ಹಾಗೆ ಕಾಣುವುದಿಲ್ಲ. ಹೊಳಪು ಕಡಿಮೆಯಾಯಿತು ಅಂತ ಕಾಂಟ್ರಾಸ್ಟ್ ಏರಿಸುತ್ತಾ ಹೋದರೆ ಮತ್ತೆ ಟಾರ್ಪಾಲೇ.

ನಮ್ಮ ಕೊಡವ ಉಡುಗೆಯಲ್ಲಿ ನೆರಿಗೆ ಹಿಂದೆ ಬರುತ್ತದೆ. ಅದಕ್ಕೇ ಆಂಟಿ ಹಿಂಬದಿಯ ಫೋಟೋವನ್ನೇ ದೊಡ್ಡದು ಮಾಡಿ ಕೇಳಿದ್ದು. ಅಲ್ಲಿ ಒತ್ತೊತ್ತಾಗಿ ನಿಂತ ನೆರಿಗೆಗಳ ಆಳ ಯಾಕೋ ಹಸಿರು ಹಸಿರಾಗಿ, ಸುಳ್ಳಾಗಿ ಕಾಣುತ್ತಿತ್ತು. ನಿಜವಾದ ಮಸ್ಟರ್ಡ್ ಸೀರೆಯನ್ನು ನೆರಿಗೆ ಹಿಡಿದು ಕಿಟಕಿಯ ಹತ್ತಿರ ನೋಡಿದೆ. ಬೆಳಕು ಒಂದು ನೆರಿಗೆಯಿಂದ ಇನ್ನೊಂದಕ್ಕೆ ಬಡಿದು ಬಡಿದು ಒಳಗೆ ಹೋಗುತ್ತದೆ, ಪ್ರತಿ ಸಲವೂ ಬಟ್ಟೆಯ ಬಣ್ಣ ಹತ್ತಿಸಿಕೊಳ್ಳುತ್ತದೆ. ಹಳದಿಯ ಆಳ ಕಿತ್ತಳೆಯ ಕಡೆಗೆ ವಾಲಿರುತ್ತದೆ. ನೆರಳಿಗೆ ಬೇರೆ ಮಾಸ್ಕ್ ಮಾಡಿ, ಅಲ್ಲಿ +48ರ ಬದಲು +42 ಕೊಟ್ಟೆ. ಆ ಆರು ಅಂಕೆಯಲ್ಲಿ ಬಟ್ಟೆ ಎದ್ದು ಕೂತಿತು.

ಮುಗಿಯಿತು ಅಂದುಕೊಂಡು ತೋರಿಸಿದೆ. ಆಂಟಿ ಕನ್ನಡಕ ಏರಿಸಿ ನೋಡಿದರು. "ಸೀರೆ ಸರಿ ಇದೆ. ಹುಡುಗಿಗೆ ಗದ್ದದ ಕೆಳಗೆ ಏನು ಅಲರ್ಜಿಯಾ?" ಅಂದರು. ಸೆರಗು ಬಲಭುಜದ ಮೇಲೆ ಪಿನ್ ಆಗುತ್ತದಲ್ಲ, ಅಲ್ಲಿಂದ ಕೆಂಪು ಬೆಳಕು ಗದ್ದಕ್ಕೂ ತೋಳಿನ ಒಳಬದಿಗೂ ಹೊಡೆದಿತ್ತು. ಸೀರೆ ಹಳದಿಯಾದರೂ ಚರ್ಮದ ಮೇಲೆ ಕೆಂಪು ಉಳಿದುಬಿಟ್ಟಿತ್ತು. ಮೆತ್ತಗಿನ ಬ್ರಷ್‌ನಲ್ಲಿ ಆ ಎರಡು ಕಡೆ ಮಾತ್ರ ಕೆಂಪು ಇಳಿಸಿ, ಚೂರು ಹಳದಿ ಸೇರಿಸಿದೆ.

ಇದೇ ಲೆಕ್ಕದಿಂದ ಶರ್ಟಿನ ಕೆಲಸವೂ ಸುಲಭವಾಯಿತು. ಬಿಳಿ ಶರ್ಟಿಗೆ ಬಣ್ಣ ಕೊಡುವುದು `Multiply`ಯಲ್ಲಿ ಐದು ನಿಮಿಷ, ನೆರಳೆಲ್ಲ ಅಲ್ಲೇ ಇರುತ್ತದೆ. ಉಲ್ಟಾ ಆಗುವುದಿಲ್ಲ. ಒಬ್ಬರು ತಮ್ಮ ಕಪ್ಪು ಕುಪ್ಯವನ್ನು, ಅಂದರೆ ಕೊಡವರ ಉದ್ದನೆಯ ಕೋಟನ್ನು, ಮದುಮಗನ ಹಾಗೆ ಬಿಳಿ ಮಾಡಿಕೊಡಿ ಅಂತ ಕೇಳಿದ್ದರು. ಕಪ್ಪು ಬಟ್ಟೆಯಲ್ಲಿ ಇಡೀ ಮಡಿಕೆ 8ರಿಂದ 20ರ ಒಳಗೆ ಇರುತ್ತದೆ. ಅದನ್ನು 200ಕ್ಕೆ ಎಳೆದರೆ ಬರುವುದು ಮಡಿಕೆ ಅಲ್ಲ, ಬರೀ ಕಾಳು ಕಾಳು. ಆಗಲ್ಲ ಅಂದೆ, ಬೇಜಾರು ಮಾಡಿಕೊಂಡು ಹೋದರು.

ಮರುವರ್ಷ ಆಂಟಿಯೇ ಮೊದಲು ಫೋನ್ ಮಾಡಿ, ಯಾವ ಬಣ್ಣ ಉಡಿಸಲಿ ಅಂತ ಕೇಳಿದರು. ತಿಳಿಯಿಂದ ಕಡುವಿಗೆ ಹೋಗುವುದು ಸುಲಭ ಅಂತ ಮಸ್ಟರ್ಡ್ ಅನ್ನೇ ಹೇಳಲು ಬಾಯಿ ತೆರೆದೆ. ಆಮೇಲೆ ನೆನಪಾಯಿತು, ಮಸ್ಟರ್ಡ್ ಬಟ್ಟೆಯಲ್ಲೂ ಹಸಿರು 165, ಜರಿಯಲ್ಲೂ 165. ಕಳೆದರೆ ಎರಡೂ ಒಟ್ಟಿಗೆ ಬರುತ್ತವೆ, ಜರಿ ಬೇರೆಯಾಗುವುದೇ ಇಲ್ಲ. "ಈ ಸಲದ ಲಾಟ್‌ನಲ್ಲಿ ತಿಳಿ ನೀಲಿ ಇದೆಯಾ ಆಂಟಿ?" ಅಂದೆ. ಇತ್ತು. ನಾಲ್ಕು ಬಣ್ಣವೂ ಒಂದೇ ಸಂಜೆಯಲ್ಲಿ, ಕರೆಂಟ್ ಹೋಗುವ ಮೊದಲು ಮುಗಿಯಿತು.