ಹೊಸ ಫೈಲ್ ಅಂದ್ರೆ ಹೊಸ ಆಟ ಅಲ್ಲ

ಇವತ್ತು ಲ್ಯಾಪ್‌ಟಾಪಲ್ಲಿ ಗೇಮ್ ತೆರೆದರೆ ಒಂದು ಪ್ರಶ್ನೆ ಎದುರಿಗೆ ನಿಂತಿತು. ಕ್ಲೌಡಲ್ಲಿರುವ ಸೇವ್ ರಾತ್ರಿ 9:40ರದ್ದು, ಈ ಕಂಪ್ಯೂಟರಿನದು 11:15ರದ್ದು. ಯಾವುದನ್ನು ಇಟ್ಟುಕೊಳ್ಳಲಿ?

11:15ರದ್ದೇ ಹೊಸದು, ಅಲ್ವಾ? ಅಲ್ಲ.

ನಿನ್ನೆ ಆಡಿದ್ದೆಲ್ಲ ಡೆಸ್ಕ್‌ಟಾಪಲ್ಲಿ, ಕ್ಲೌಡಲ್ಲಿರುವುದು ಅದರದ್ದೇ ಸೇವ್. ಆಮೇಲೆ ನೆಟ್ ಇಲ್ಲದ ಲ್ಯಾಪ್‌ಟಾಪಲ್ಲಿ ಸುಮ್ನೆ ಗೇಮ್ ತೆರೆದು, ಸೌಂಡ್ ಕಡಿಮೆ ಮಾಡಿ ಮುಚ್ಚಿದ್ದೆ. ಈ ಗೇಮ್ ಸೆಟ್ಟಿಂಗನ್ನೂ ಸೇವ್ ಫೈಲೊಳಗೇ ಬರೆಯುತ್ತದೆ. ಹಾಗಾಗಿ ಹಳೇ ಆಟಕ್ಕೆ ಹೊಸ ಟೈಮ್ ಬಿತ್ತು. ಫೈಲನ್ನು ಕೊನೆಗೆ ಬರೆದದ್ದು ಯಾವಾಗ ಅಂತಷ್ಟೇ ಆ ಟೈಮ್ ಹೇಳುತ್ತದೆ. ಎಷ್ಟು ದೂರ ಆಡಿದ್ದೀವಿ ಅನ್ನೋದು ಅದಕ್ಕೆ ಗೊತ್ತೇ ಇಲ್ಲ. ಕಂಪ್ಯೂಟರಿನ ಗಡಿಯಾರ ತಪ್ಪಿದ್ದರಂತೂ ಆ ಟೈಮೂ ಸುಳ್ಳು.

ಯಾವುದನ್ನೂ ಒತ್ತದೆ ಕ್ಯಾನ್ಸಲ್ ಮಾಡಿದೆ. ಒಂದನ್ನು ಆರಿಸಿದರೆ ಇನ್ನೊಂದರ ಮೇಲೆ ಬರೆದುಬಿಡುತ್ತದೆ. ಅದಕ್ಕೇ ಮೊದಲು ಎರಡೂ ಕಂಪ್ಯೂಟರಿನ ನೆಟ್ ತೆಗೆದು, ಸೇವ್ ಫೋಲ್ಡರನ್ನು ಬೇರೆ ಕಡೆ ಕಾಪಿ ಮಾಡಿಟ್ಟೆ. ಆಮೇಲೆ ಗೇಮ್ ತೆರೆದು, ಸೇವ್ ಸ್ಲಾಟಿನ ಪಕ್ಕದಲ್ಲಿರುವ ಒಟ್ಟು ಆಡಿದ ಸಮಯ ನೋಡಿದೆ. ಲ್ಯಾಪ್‌ಟಾಪಲ್ಲಿ 28 ಗಂಟೆ, ಡೆಸ್ಕ್‌ಟಾಪಲ್ಲಿ 31. ಅನುಮಾನ ಮುಗೀತು. ನೆಟ್ ಹಾಕಿ ಕ್ಲೌಡಿನದನ್ನೇ ಆರಿಸಿದೆ.

ಎರಡೂ ಕಡೆ ನಿಜವಾಗಿ ಆಡಿದ್ದರೆ ಮಾತ್ರ ಕಷ್ಟ. ಅಲ್ಲಿನ ಅರ್ಧ, ಇಲ್ಲಿನ ಅರ್ಧ ಅಂತ ಸೇರಿಸಲು ಆಗಲ್ಲ. ಪ್ರತಿ ಸ್ಲಾಟಿಗೂ ಬೇರೆ ಫೈಲ್ ಇರುವ ಕೆಲವು ಗೇಮುಗಳಲ್ಲಿ, ಕಾಪಿಯನ್ನು ಖಾಲಿ ಸ್ಲಾಟಿನ ಹೆಸರಲ್ಲಿಟ್ಟು ಎರಡನ್ನೂ ಉಳಿಸಿಕೊಳ್ಳಬಹುದು.